ಶಶಿ ಅಂದ್ರೆ ಸರ್ರೋ, ಮೇಡಮ್ಮೋ

ಬೆಳಿಗ್ಗೆ ಆಫೀಸಿಗೆ ಬಂದು ಮೇಲ್ ತೆರೆದರೆ ಮೊದಲ ಸಾಲೇ ‘ಡಿಯರ್ ಮಿಸ್ಟರ್ ಬಸಪ್ಪ’. ಬಸಪ್ಪ ನಮ್ಮಪ್ಪ. ತೀರಿಕೊಂಡು ಆರು ವರ್ಷವಾಯಿತು. ಪರದೆ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹೀಗಾಗೋದು ಹೇಗೆ ಅಂತ ನಿಮಗೆಲ್ಲ ಗೊತ್ತೇ ಇದೆ. ನಮ್ಮಲ್ಲಿ ಊರಿನದೋ ಅಪ್ಪನದೋ ಇನಿಷಿಯಲ್ ಮುಂದೆ, ಸ್ವಂತ ಹೆಸರು ಕೊನೆಗೆ. ಫಾರಂನಲ್ಲಿ ಮಾತ್ರ ‘ಲಾಸ್ಟ್ ನೇಮ್’ ಖಾಲಿ ಬಿಟ್ಟರೆ ಮುಂದಕ್ಕೇ ಹೋಗಲ್ಲ. ಅಪ್ಪನ ಹೆಸರು ತುಂಬಿದೆ, ಶಶಿ ಬಸಪ್ಪ ಆದೆ. ಇನ್ನು ಲಾಸ್ಟ್ ನೇಮ್ ಮುಂದೆ ಮಿಸ್ಟರ್ ಸೇರಿಸಿದರೆ ಮರ್ಯಾದೆ ಅಂತ ಶಾಲೆಯಲ್ಲಿ ಕಲಿತವರು ಬರೆದರೆ ಪತ್ರ ನಮ್ಮಪ್ಪನಿಗೇ ಹೋಗುತ್ತೆ. ಶಶಿಕಲಾನೂ ಶಶಿ, ಶಶಿಧರನೂ ಶಶಿ. ಗೊತ್ತಿಲ್ಲದ ಮೇಲೆ ಮಿಸ್ಟರ್ ಯಾಕೆ ಬೇಕಿತ್ತು?

ಹೆಸರು ಕಂಡ ಹಾಗೇ ಪೂರ್ತಿ ಬರೆದರೆ ಮುಗೀತಲ್ಲ: ‘ಡಿಯರ್ ಶಶಿ ಬಸಪ್ಪ’. ಅದರಲ್ಲಿ ಗಂಡೋ ಹೆಣ್ಣೋ ಊಹಿಸುವ ಕೆಲಸವಿಲ್ಲ, ಯಾವ ತುಂಡು ಯಾರದು ಅನ್ನೋ ಗೊಂದಲವೂ ಇಲ್ಲ. ಕನ್ನಡದಲ್ಲಂತೂ ಇನ್ನೂ ಸುಲಭ. ‘ಶಶಿ ಅವರಿಗೆ ನಮಸ್ಕಾರ’ ಅನ್ನಿ. ಬಂದನು, ಬಂದಳು ಅನ್ನುವಲ್ಲಿ ಲಿಂಗ ಬರುತ್ತೆ. ‘ಅವರು ಬಂದರು’ ಅನ್ನುವಲ್ಲಿ ಬರಲ್ಲ. ‘ನೀವು ಕಳಿಸಿದ್ದೀರಿ’ ಅಂದರೆ ಇಪ್ಪತ್ತೆರಡರ ಹುಡುಗಿಗೂ ಸಲ್ಲುತ್ತೆ, ನಿವೃತ್ತಿ ಹತ್ತಿರವಿರುವ ಮ್ಯಾನೇಜರಿಗೂ ಸಲ್ಲುತ್ತೆ. ‘ಅವರು’, ‘ನೀವು’ ಅನ್ನೋ ಇಷ್ಟು ಒಳ್ಳೇ ಪದಗಳನ್ನ ಕೈಯಲ್ಲಿಟ್ಟುಕೊಂಡು ಹೆಸರಿನ ಮುಂದೆ ‘ಶ್ರೀ’ ಅಂಟಿಸಿ ಯಾಕೆ ಕೆಡಿಸ್ತೀರಿ? ಹೆಸರೇ ಗೊತ್ತಿಲ್ಲದಿದ್ದರೆ ಹುದ್ದೆಗೆ ಬರೆಯಿರಿ. ‘ತಹಶೀಲ್ದಾರರಿಗೆ’ ಅಂತ ಬರೆದು ಕೆಳಗೆ ‘ಮಾನ್ಯರೇ’ ಅನ್ನೋದು ನಮ್ಮ ಅರ್ಜಿಗಳಲ್ಲಿ ಮೊದಲಿಂದ ಇರೋದೇ. ಆ ಕುರ್ಚಿಯಲ್ಲಿ ಯಾರೇ ಕೂತಿರಲಿ, ತಪ್ಪಾಗಲ್ಲ.

ನಮ್ಮ ಆಫೀಸಿನ ಹುಡುಗರು ಹೇಳ್ತಾರೆ, ‘ಮೇಡಂ, ಈಗೆಲ್ಲ ಹಾಯ್ ಶಶಿ ಅಂದರೆ ಸಾಕು, ಎಲ್ಲರೂ ಸಮಾನರು’ ಅಂತ. ಪಕ್ಕದ ಟೇಬಲಿನವರು ಹಾಗೆ ಕರೆದರೆ ನನಗೆ ಖುಷಿಯೇ. ಆದರೆ ಮುಖವನ್ನೇ ನೋಡದವರಿಗೆ ಮೊದಲ ಪತ್ರದಲ್ಲೇ ಹಾಗೆ ಬರೆದರೆ ಆ ಸಲಿಗೆಯನ್ನು ನಾವೇ ಎಳೆದುಕೊಂಡಂತೆ. ಅದನ್ನು ಅವರು ಕೊಡಬೇಕು. ಅವರ ಉತ್ತರ ಬರಲಿ, ಕೊನೆಗೆ ಬರೀ ‘ಶಶಿ’ ಅಂತ ಸಹಿ ಹಾಕಿದ್ದರೆ ಮುಂದಿನ ಸಲ ಹಾಗೇ ಕರೆಯಿರಿ. ‘ಡಾ.’ ಅಂತಿದ್ದರೆ ಅದನ್ನು ಬಿಡಬೇಡಿ. ಒಂದು ದಿನ ಕಾಯೋಕೆ ಏನು ಕಷ್ಟ?

ನಾನೂ ಈ ತಪ್ಪು ಮಾಡಿದ್ದೇನೆ. ಕಿರಣ್ ಅನ್ನುವವರಿಗೆ ಮೂರು ತಿಂಗಳು ‘ಡಿಯರ್ ಸರ್’ ಅಂತಲೇ ಬರೆದೆ. ಒಂದು ದಿನ ಅವರೇ ಫೋನ್ ಮಾಡಿದರು, ಹೆಣ್ಣು ಧ್ವನಿ. ಅವರು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಅದು ಇನ್ನೂ ಚುಚ್ಚುತ್ತೆ.

ಇವತ್ತಿನ ಮೇಲಿಗೆ ಉತ್ತರ ಬರೆದೆ. ಕೇಳಿದ್ದ ವಿವರವೆಲ್ಲ ಕೊಟ್ಟು, ಕೊನೆಯಲ್ಲಿ ‘ಬಸಪ್ಪ ನನ್ನ ತಂದೆಯವರ ಹೆಸರು, ನನ್ನನ್ನು ಶಶಿಕಲಾ ಅಂತ ಕರೆಯಬಹುದು’ ಅಂತ ಸೇರಿಸಿದೆ. ಮಧ್ಯಾಹ್ನ ತಿರುಗಿ ಬಂತು: ‘ಶಶಿಕಲಾ ಅವರಿಗೆ ನಮಸ್ಕಾರ’. ಕನ್ನಡದಲ್ಲೇ.