ನಾಲಿಗೆ ತೋರಿಸು!

ಐಸ್‌ಕ್ರೀಂ ಅಂಗಡಿ ತೆರೆಯುವವರಿಗೆ ಸಾಲ ಸಿಗುತ್ತದೆ, ಬೋರ್ಡಿನಲ್ಲಿ ಹೆಸರಿನ ಕೆಳಗೆ ಬರೆಸುವ ಒಂದು ಸಾಲು ಸಿಗುವುದಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಂಥದೊಂದು ಅಂಗಡಿ ಏಳುತ್ತಿದೆ ಎಂದಿಟ್ಟುಕೊಳ್ಳಿ. ಬೇಸಿಗೆ ರಜೆ, ಅಜ್ಜಿಮನೆ, ಬಾಲ್ಯ ಎಲ್ಲವೂ ಆ ಒಂದು ಸಾಲಿನಲ್ಲಿ ಬರಬೇಕು ಅನ್ನುವುದು ಮಾಲೀಕರ ಆಸೆ. ಅನಾಹುತ ಶುರುವಾಗುವುದೂ ಅಲ್ಲಿಂದಲೇ.

ಮೊದಲು ಹೊಳೆಯುವುದು ‘ಬಾಲ್ಯದ ಸವಿನೆನಪು’. ಹತ್ತನೇ ಕ್ಲಾಸಿನ ಹಳೇ ವಿದ್ಯಾರ್ಥಿಗಳ ಸಮಾವೇಶದ ಬ್ಯಾನರಿಗೂ ಇದೇ ಸಾಲು ಸಲ್ಲುತ್ತದೆಯಾದ್ದರಿಂದ ದಾರಿಹೋಕರು ಕಪ್ ಹುಡುಕುವುದಿಲ್ಲ, ಮೇಷ್ಟ್ರನ್ನು ಹುಡುಕುತ್ತಾರೆ. ಎರಡನೆಯದು ‘ಅದೇ ಹಳೆಯ ರುಚಿ’. ಉಪ್ಪಿನಕಾಯಿಗೆ ಹಳೆಯದಾದಷ್ಟೂ ಬೆಲೆ, ಹಾಲಿಗೆ ಹಾಗಲ್ಲ. ಹಾಲಿನ ಪದಾರ್ಥದ ಪಕ್ಕದಲ್ಲಿ ‘ಹಳೆಯ’ ಅಂತ ಬರೆದರೆ ಓದುವವರ ಮೂಗು ತಾನಾಗಿ ‘ಹಳಸಿದ’ ಅಂತ ತಿದ್ದಿಕೊಳ್ಳುತ್ತದೆ. ಮೂರನೆಯದು ‘ಬನ್ನಿ, ನೆನೆಯೋಣ’. ಬಯಲುಸೀಮೆಯಲ್ಲಾದರೆ ನಡೆದೀತು. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಬಸ್ಸಿಳಿದು ಕೊಡೆ ಕೊಡವುತ್ತಾ ಬಂದವರಿಗೆ ‘ನೆನೆಯೋಣ’ ಅಂದರೆ ಅವರು ಆಗಲೇ ನೆನೆದು ಮುಗಿಸಿರುತ್ತಾರೆ.

‘ಅಜ್ಜಿಮನೆಯ ಹಾಲಿನ ಐಸ್‌ಕ್ರೀಂ’ ಅನ್ನುವುದಕ್ಕೆ ಬೇರೆ ತೊಡಕು. ಅಜ್ಜಿಮನೆಯಲ್ಲಿ ಇದ್ದದ್ದು ನೆಲುವು, ಫ್ರೀಜರ್ ಅಲ್ಲ. ಜೊತೆಗೆ ಆಹಾರ ಸುರಕ್ಷತೆಯ ನಿಯಮದಲ್ಲಿ ಸಾದಾ ಐಸ್‌ಕ್ರೀಮಿಗೆ ಕನಿಷ್ಠ ಶೇ 10 ಹಾಲಿನ ಕೊಬ್ಬು ಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ್ದು ಫ್ರೋಜನ್ ಡೆಸರ್ಟ್. ಅದನ್ನು ಮಾರುತ್ತಾ ಅಜ್ಜಿಯ ಹಾಲಿನ ಹೆಸರು ಹೇಳಿದರೆ ಅಜ್ಜಿಗೂ ನೋಟಿಸ್ ಬರುವ ಕಾಲ ಇದು.

ಈ ಸಾಲುಗಳ ನಿಜವಾದ ದೋಷ ಏನೆಂದರೆ ಎಲ್ಲವೂ ನೆನಪಿನ ಹೆಸರು ಹೇಳುತ್ತವೆ, ನೆನಪನ್ನು ಹೇಳುವುದಿಲ್ಲ. ಬಾಲ್ಯ ಇಡಿಯಾಗಿ ಯಾರಿಗೂ ನೆನಪಾಗುವುದಿಲ್ಲ, ಒಂದು ಗಳಿಗೆ ನೆನಪಾಗುತ್ತದೆ. ಆ ಗಳಿಗೆ ಮಲೆನಾಡಿನಲ್ಲಿ ಹೆಚ್ಚೂಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಮಧ್ಯಾಹ್ನ ಸೈಕಲ್ಲಿನ ಪೊಂಪೊಂ ಕೇಳುತ್ತದೆ. ‘ಶೀತ ಆಗ್ತದೆ, ಬ್ಯಾಡ’ ಅಂತ ಅಜ್ಜಿ ಆಗಲೇ ತೀರ್ಪು ಕೊಟ್ಟಾಗಿದೆ. ಹೆಕ್ಕಿಟ್ಟ ಗೇರುಬೀಜ ಮಾರಿದ ಚಿಲ್ಲರೆಯಲ್ಲಿ ಕೆಂಪು ಕ್ಯಾಂಡಿ ಕೊಂಡು, ಕೊಟ್ಟಿಗೆ ಹಿಂದೆ ನಿಂತು ಚೀಪಿ, ಕಡ್ಡಿಯನ್ನು ಗೊಬ್ಬರಗುಂಡಿಗೆ ಎಸೆದು, ಬಾಯಿ ತೊಳೆದು, ಏನೂ ಗೊತ್ತಿಲ್ಲದವರ ಹಾಗೆ ಒಳಗೆ ಬಂದಾಗ ಅಜ್ಜಿ ಒಂದೇ ಮಾತು ಕೇಳುತ್ತಾರೆ: ‘ಎಲ್ಲಿ, ನಾಲಿಗೆ ತೋರ್ಸು.’

ಸಾಲು ಸಿಕ್ಕಿತು: ‘ನಾಲಿಗೆ ತೋರಿಸು!’ ಇದರಲ್ಲಿ ಬೇಸಿಗೆ, ರಜೆ ಅನ್ನುವ ಪದಗಳಿಲ್ಲ, ಹಾಗಾಗಿ ಮಳೆಗಾಲದಲ್ಲೂ ಬೋರ್ಡು ಪೆಚ್ಚಾಗುವುದಿಲ್ಲ.

ಗಿರಾಕಿಗೆ ಏಕವಚನವೇ ಅಂತ ಮಾಲೀಕರು ಹೌಹಾರಿ ‘ತೋರಿಸಿ’ ಅಂತ ತಿದ್ದಿಸುತ್ತಾರೆ. ಅದೇ ದೊಡ್ಡ ಅವಘಡ. ‘ತೋರಿಸು’ ಅನ್ನುವವರು ಅಜ್ಜಿ, ‘ತೋರಿಸಿ’ ಅನ್ನುವವರು ಡಾಕ್ಟ್ರು. ಪಕ್ಕದಲ್ಲೊಂದು ಕ್ಲಿನಿಕ್ ಇದ್ದುಬಿಟ್ಟರೆ ಜ್ವರದವರು ಬಂದು ಟೋಕನ್ ಕೇಳುತ್ತಾರೆ. ಏಕವಚನದಿಂದ ಯಾರಾದರೂ ಸಿಟ್ಟಾಗುವ ಭಯವಿದ್ದರೆ ಅಕ್ಷರದ ಪಕ್ಕ ಕೆಂಪು ನಾಲಿಗೆಯ ಮಗುವಿನ ಚಿತ್ರ ಹಾಕಿದರೆ ಸಾಕು, ಮಾತು ಯಾರದು ಅಂತ ತಿಳಿಯುತ್ತದೆ.

ಈ ಸಾಲಿಗೆ ಇನ್ನೊಂದು ಗುಣ, ಒತ್ತಕ್ಷರ ಇಲ್ಲ. ಬೋರ್ಡಿನವರ ಲೆಕ್ಕದಲ್ಲಿ ಒಂದಿಂಚು ಎತ್ತರದ ಅಕ್ಷರ ಸುಮಾರು ಹತ್ತಡಿ ದೂರಕ್ಕೆ ಸಲೀಸಾಗಿ ಓದಿಸುತ್ತದೆ. ಹೆಸರಿನ ಕೆಳಗೆ ಉಳಿಯುವುದು ಆರಿಂಚಿನ ಪಟ್ಟಿ. ಒತ್ತು ಬಂದರೆ ಅದಕ್ಕೂ ಕೆಳಗೆ ಜಾಗ ಕೊಡಬೇಕು, ಮೈ ಅಕ್ಷರ ಮೂರಿಂಚಿಗೆ ಇಳಿಯುತ್ತದೆ, ಮೂವತ್ತಡಿಯಾಚೆ ಅದು ಇರುವೆ ಸಾಲು. ಒತ್ತಿಲ್ಲದಿದ್ದರೆ ನಾಲ್ಕಿಂಚಿಗೂ ಮೇಲೆ ಸಿಗುತ್ತದೆ, ರಸ್ತೆಯ ಆಚೆ ಬದಿಯ ಮಗುವೂ ಓದಿ ಅಪ್ಪನ ಪ್ಯಾಂಟು ಎಳೆಯುತ್ತದೆ. ಫ್ಲೆಕ್ಸ್ ಮಾಡುವವರ ಕಂಪ್ಯೂಟರಿನಲ್ಲಿ ನಾವು ಬಳಸಿದ ಫಾಂಟ್ ಇಲ್ಲದಿದ್ದರೆ ‘ಅಜ್ಜಿ’ ಒತ್ತು ಕಳೆದುಕೊಂಡು ‘ಅಜಿ’ ಆಗಬಹುದು, ಇಲ್ಲವೇ ಸಾಲಿಗೆ ಸಾಲೇ ಚೌಕಗಳಾಗಬಹುದು. ಅಕ್ಷರಗಳನ್ನು ಕರ್ವ್ ಮಾಡಿಸಿ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಚಿತ್ರವಾಗಿಸಿ, ಫೈಲು ಕೊಟ್ಟರೆ ಈ ಕಾಟ ತಪ್ಪುತ್ತದೆ. ಆಮೇಲೂ ಮುದ್ರಣಕ್ಕೆ ಮೊದಲು ಸ್ಕ್ರೀನಿನ ಮೇಲೆ ಅಕ್ಷರ ಅಕ್ಷರ ಓದಬೇಕು, ಯಾಕೆಂದರೆ ‘ನಾಲಿಗೆ’ಯಲ್ಲಿ ಒಂದು ಗುಡಿಸು ಬಿದ್ದುಹೋದರೆ ಅದು ‘ನಾಲಗೆ’ಯಾಗಿ ಅದೃಷ್ಟವಶಾತ್ ಅರ್ಥ ಉಳಿದೀತು, ‘ತೋರಿಸು’ ‘ತೂರಿಸು’ ಆದರೆ ಉಳಿಯದು.

ಒಂದು ಷರತ್ತಿದೆ. ಇಷ್ಟೆಲ್ಲ ಬರೆಸಿ ಒಳಗೆ ಬರೀ ವೆನಿಲಾ ಇಟ್ಟರೆ ನಾಲಿಗೆ ಹಾಗೇ ಇರುತ್ತದೆ, ಬೋರ್ಡು ಸುಳ್ಳಾಗುತ್ತದೆ. ನಾಲಿಗೆಗೆ ಬಣ್ಣ ಹತ್ತುವ ಸರಕು ಒಂದಾದರೂ ಬೇಕು, ಅದಕ್ಕೆ ನೇರಳೆಹಣ್ಣಿನ ಕ್ಯಾಂಡಿಯಷ್ಟು ನಂಬಿಕಸ್ಥ ಇನ್ನೊಂದಿಲ್ಲ. ಹಣ್ಣು ಬರುವುದು ಮಳೆ ಹಿಡಿಯುವ ಹೊತ್ತಿಗೆ. ಆಗಲೇ ತಿರುಳು ತೆಗೆದು ಫ್ರೀಜರಿಗೆ ಹಾಕಿಟ್ಟುಕೊಂಡರೆ ಮುಂದಿನ ಏಪ್ರಿಲ್‌ನಲ್ಲಿ ರಜೆಗೆ ಬಂದವರೆಲ್ಲ ನೇರಳೆ ನಾಲಿಗೆ ಹೊತ್ತು ಮನೆಗೆ ಹೋಗಿ ಸಿಕ್ಕಿಬೀಳುತ್ತಾರೆ.