ಗೋಕಾಕದ ಗೋಡೆಯ ಗೆರೆ, ಹ್ಯೂಸ್ಟನ್ನಿನ ನಕ್ಷೆಯ ಗೆರೆ

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ನಮ್ಮ ಕಾಕಾನ ಪಡಸಾಲೆಯಲ್ಲಿ ನೀರು ಎದೆಮಟ್ಟ ನಿಂತಿತ್ತು. ನೀರು ಇಳಿದ ಮೇಲೆ ಹ್ಯೂಸ್ಟನ್ನಿನಿಂದ ಫೋನ್ ಮಾಡಿ, "ಪಾಯಾ ಎತ್ತರಿಸಿ ಕಟ್ರಿ ಕಾಕಾ" ಅಂದೆ. "ಏ ತಮ್ಮಾ, ಇದು ನೂರು ವರ್ಷಕ್ಕೊಮ್ಮೆ ಬರೂ ಹೊಳಿ ಅಂತ ಎಲ್ಲಾರೂ ಹೇಳಾಕತ್ತಾರ. ಬಂದು ಹೋತು. ಇನ್ನ ಬಂದ್ರ ನಿನ್ನ ಮೊಮ್ಮಕ್ಕಳ ಕಾಲಕ್ಕ" ಅಂದರು. ಹಳೆಯ ಪಾಯದ ಮೇಲೇ ಗೋಡೆ ಎದ್ದಿತು. 2021ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿತು, ಕಾಕಾನ ಹೊಸ ಗೋಡೆಗೆ ಮೊಣಕಾಲಮಟ್ಟ ನೀರು ಹತ್ತಿತು.

ಕಾಕಾ ಓದಿದವರು, ಲೆಕ್ಕದಲ್ಲಿ ಜಾಣರು. ಅವರ ದಾರಿ ತಪ್ಪಿಸಿದ್ದು "ನೂರು ವರ್ಷಕ್ಕೊಮ್ಮೆ" ಎಂಬ ಮಾತು. ಅದನ್ನು ಕೇಳಿದವರಿಗೆ ಸರದಿ ಇದೆ, ಒಮ್ಮೆ ಬಂದರೆ ಲೆಕ್ಕ ಚುಕ್ತಾ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಇಲ್ಲಿ ಮನೆ ಕೊಳ್ಳಲು ಹೋದಾಗ ನೆರೆ ನಕ್ಷೆ ನೋಡಿದೆ. ಅದರಲ್ಲಿ ಗೆರೆ ಎಳೆದು, ಆ ಗೆರೆಯ ಒಳಗೆ ಯಾವುದೇ ಒಂದು ವರ್ಷದಲ್ಲಿ ನೀರು ಬರುವ ಸಾಧ್ಯತೆ ಕನಿಷ್ಠ 1% ಎಂದಿದ್ದರು. ನೂರು ವರ್ಷದ ನೆರೆ ಎಂದರೆ ಇಷ್ಟೇ. ಗೆರೆಯೊಳಗಿನ ಮನೆಗೆ ಸರ್ಕಾರದ ಬೆಂಬಲವಿರುವ ಸಾಲ ಬೇಕಾದರೆ ನೆರೆ ವಿಮೆ ಮಾಡಿಸಲೇಬೇಕು, ಯಾಕೆಂದರೆ ವರ್ಷಕ್ಕೆ 1% ಎಂಬುದು 30 ವರ್ಷದ ಸಾಲದ ಅವಧಿಯಲ್ಲಿ 26% ಆಗುತ್ತದೆ. ನಾಲ್ಕು ಮನೆಗಳಲ್ಲಿ ಒಂದು ಎಂದುಕೊಳ್ಳಿ. ಹಾಗೆಯೇ ನೂರು ವರ್ಷ ಪೂರ್ತಿ ಕಳೆದರೂ ಅಂಥ ನೆರೆ ಒಮ್ಮೆಯೂ ಬಾರದಿರುವ ಸಾಧ್ಯತೆ 37%.

ಇದನ್ನು ಕಾಕಾನಿಗೆ ಹೇಳಲು ಕವಡೆಗಳೇ ಸರಿಹೋದವು. ಏಳು ಕವಡೆಗಳನ್ನು ಒಟ್ಟಿಗೆ ಎಸೆಯಿರಿ. ಪ್ರತಿ ಕವಡೆಯೂ ಬೋರಲು ಅಥವಾ ಅಂಗಾತ ಸಮಸಮ ಬೀಳುತ್ತದೆ ಎಂದು ಹಿಡಿದರೆ ಏಳೂ ಬೋರಲು ಬೀಳುವುದು 128ರಲ್ಲಿ ಒಂದು ಸಲ. ವರ್ಷಕ್ಕೊಮ್ಮೆ ಎಸೆದರೆ ಅದು ಹೆಚ್ಚುಕಡಿಮೆ ನೂರು ವರ್ಷದ ನೆರೆ. ಈ ವರ್ಷ ಏಳೂ ಬೋರಲು ಬಿದ್ದವು ಅಂತ ಮುಂದಿನ ವರ್ಷ ಕವಡೆಗಳು ಅದನ್ನು ನೆನಪಿಟ್ಟುಕೊಂಡು ಸುಮ್ಮನಿರುವುದಿಲ್ಲ.

ಹಾಗಂತ ಹತ್ತು ವರ್ಷದಲ್ಲಿ ಎರಡು ಸಲವಾದರೂ ಬೀಳುವುದು ಸುಲಭವೂ ಅಲ್ಲ. ಈ ಏಳು ಕವಡೆಗಳ ಲೆಕ್ಕದಲ್ಲಿ ಅದರ ಸಾಧ್ಯತೆ 0.26%, ಅಂದರೆ ಸುಮಾರು 380ರಲ್ಲಿ ಒಂದು. ನೂರಾರು ಹೊಳೆಗಳಿರುವ ನಾಡಿನಲ್ಲಿ ಎಲ್ಲೋ ಒಂದು ಕಡೆ ಹೀಗಾದರೆ ಅಚ್ಚರಿಯಿಲ್ಲ. ಆದರೆ ಒಂದೇ ಊರು ಮೇಲಿಂದ ಮೇಲೆ ಮುಳುಗುತ್ತಿದ್ದರೆ ಕವಡೆಗಳನ್ನೇ ಕೈಗೆತ್ತಿಕೊಂಡು ನೋಡಬೇಕು.

ಎರಡು ಕವಡೆಗಳ ಬಾಯಿಗೆ ಯಾರೋ ಮೇಣ ತುಂಬಿದ್ದಾರೆ, ಅವು ಯಾವಾಗಲೂ ಬೋರಲೇ ಬೀಳುತ್ತವೆ ಎಂದುಕೊಳ್ಳಿ. ಆಗ ಏಳೂ ಬೋರಲು ಬೀಳುವುದು 32ರಲ್ಲಿ ಒಂದು ಸಲ. ಒಂದು ವರ್ಷದ ಅಪಾಯ ನಾಲ್ಕು ಪಟ್ಟು ಆಯಿತು. ಹತ್ತು ವರ್ಷದಲ್ಲಿ ಎರಡು ಸಲವಾದರೂ ಬರುವ ಸಾಧ್ಯತೆ ಮಾತ್ರ 0.26%ರಿಂದ 3.7%ಕ್ಕೆ, ಅಂದರೆ 14 ಪಟ್ಟು ಏರುತ್ತದೆ. ಎರಡು ನೆರೆ ಬರಬೇಕಾದರೆ ಆ ನಾಲ್ಕು ಪಟ್ಟು ಹೆಚ್ಚುಕಡಿಮೆ ಎರಡು ಸಲ ಗುಣಿಸಿಕೊಳ್ಳುತ್ತದೆ, ಅದಕ್ಕೇ ಏರಿಕೆ ಇಷ್ಟು ಕಡಿದು. ಒಂಟಿ ನೆರೆಗಿಂತ ಜೋಡಿ ನೆರೆ ನಮಗೆ ಬೇಗ ಸುಳಿವು ಕೊಡುವುದು ಇದರಿಂದಲೇ.

ಹ್ಯೂಸ್ಟನ್ನಿನಲ್ಲಿ ಆದದ್ದು ಇದೇ. 2015ರ ಮೇ, 2016ರ ಏಪ್ರಿಲ್, 2017ರ ಆಗಸ್ಟ್, ಹೀಗೆ ಸಾಲಾಗಿ ಮೂರು ವರ್ಷ ದೊಡ್ಡ ನೆರೆ ಬಂತು. ಕೊನೆಯದು ಹಾರ್ವೆ ಚಂಡಮಾರುತದ್ದು. 2018ರಲ್ಲಿ ಇಲ್ಲಿನ ಹವಾಮಾನ ಸಂಸ್ಥೆ ನೋವಾ, ಹೊಸ ದಾಖಲೆಗಳನ್ನೂ ಸೇರಿಸಿ ಮಳೆಯ ಲೆಕ್ಕ ಮತ್ತೆ ಹಾಕಿತು. ಒಂದು ದಿನದಲ್ಲಿ 13 ಇಂಚು ಮಳೆಯನ್ನು ಅಲ್ಲಿಯವರೆಗೆ ನೂರು ವರ್ಷದ ಮಳೆ ಎನ್ನುತ್ತಿದ್ದರು. ಹೊಸ ಲೆಕ್ಕದಲ್ಲಿ ಆ ಹೆಸರು 18 ಇಂಚಿಗೆ ಹೋಯಿತು, ಹಳೆಯ 13 ಇಂಚು 25 ವರ್ಷದ ಮಳೆಯಾಯಿತು.

ಈ ಅಂಕಿ ಹೀಗೆ ಜಾರುವುದಕ್ಕೆ ಅದು ಹುಟ್ಟುವ ರೀತಿಯೂ ಕಾರಣ. ಹೊಳೆಯ ಅಳತೆ ಜಾಗದಲ್ಲಿ ಪ್ರತಿ ವರ್ಷದ ಅತಿ ಹೆಚ್ಚಿನ ಹರಿವನ್ನು ಒಂದೊಂದೇ ಅಂಕಿಯಾಗಿ ಬರೆದಿಡುತ್ತಾರೆ. ನಲವತ್ತು ವರ್ಷದ ನಲವತ್ತು ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅವುಗಳಿಗೆ ಹೊಂದುವ ಒಂದು ರೇಖೆ ಎಳೆದು, ಅದನ್ನು ಅಂಕಿಗಳೇ ಇಲ್ಲದ ಕಡೆಗೆ, ನೂರು ವರ್ಷದವರೆಗೆ ಮುಂದುವರಿಸುತ್ತಾರೆ. ರೇಖೆಯ ಆ ತುದಿಯನ್ನು ಹಿಡಿದಿರುವುದು ಮೇಲಿನ ಎರಡು ಮೂರು ಅಂಕಿಗಳು. 2019ರಂಥ ಒಂದೇ ವರ್ಷ ಸೇರಿದರೂ ತುದಿ ಮೇಲಕ್ಕೇಳುತ್ತದೆ. ಜೊತೆಗೆ ಈ ಲೆಕ್ಕವೆಲ್ಲ ನಿನ್ನೆಯ ಹೊಳೆಯೇ ನಾಳೆಯೂ ಹರಿಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ.

ನಮ್ಮ ಘಟಪ್ರಭೆ ನಿನ್ನೆಯದಲ್ಲ. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು 7% ಹೆಚ್ಚು ತೇವ ಹಿಡಿಯುತ್ತದೆ, ಸುರಿಯುವಾಗ ಅದನ್ನು ಒಮ್ಮೆಲೇ ಸುರಿಯಬಲ್ಲದು. ಹಿಡಕಲ್ ಅಣೆಕಟ್ಟೆ 51 ಟಿಎಂಸಿ ಹಿಡಿಯುತ್ತದೆ, ಆದರೆ ಜುಲೈನಲ್ಲೇ ತುಂಬಿಬಿಟ್ಟರೆ ಆಗಸ್ಟಿನ ಮಳೆಗೆ ಅಲ್ಲಿ ಜಾಗ ಇರುವುದಿಲ್ಲ. ಅಷ್ಟೇ ಮಳೆ ಜೂನ್‌ನಲ್ಲಿ ಬಿದ್ದರೆ ಊರಿಗೆ ಗೊತ್ತೂ ಆಗುವುದಿಲ್ಲ. ಹಿರಣ್ಯಕೇಶಿ, ಮಾರ್ಕಂಡೇಯ ಅಣೆಕಟ್ಟೆಯ ಕೆಳಗೆ ಬಂದು ಸೇರುವುದರಿಂದ ಅವುಗಳ ನೀರನ್ನು ಹಿಡಕಲ್ ಗೇಟು ತಡೆಯಲಾರದು. ದಂಡೆಯ ಮೇಲೆ ಮಣ್ಣು ತುಂಬಿ ಕಟ್ಟಿದಷ್ಟೂ ಅಷ್ಟೇ ನೀರು ಹೆಚ್ಚು ಎತ್ತರ ಏರುತ್ತದೆ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಲೋಳಸೂರ ಸೇತುವೆ 2019ರಲ್ಲಿ, 2021ರಲ್ಲಿ, 2024ರಲ್ಲಿ ಮುಳುಗಿತು ಅಂದಮಾತ್ರಕ್ಕೆ ಆ ನೆರೆಗಳೆಲ್ಲ ನೂರು ವರ್ಷದ ನೆರೆಗಳಾಗುವುದಿಲ್ಲ. ಸೇತುವೆ ಮುಳುಗಲು ಅಷ್ಟು ದೊಡ್ಡ ನೆರೆ ಬೇಕಿಲ್ಲ ಎಂಬುದನ್ನೇ ಈ ಮೂರು ವರ್ಷಗಳು ತೋರಿಸುತ್ತವೆ. ಕಾಕಾನ ಮನೆಯಲ್ಲೇ ಒಮ್ಮೆ ಎದೆಮಟ್ಟ, ಒಮ್ಮೆ ಮೊಣಕಾಲಮಟ್ಟ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಎರಡರ ಅಳತೆಯೂ ಕಳೆದುಹೋಗುತ್ತದೆ.

ಹ್ಯೂಸ್ಟನ್ನಿನ ನಕ್ಷೆಯನ್ನು ಊರಿಗೆ ತಂದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಹಾರ್ವೆಯಲ್ಲಿ ಈ ಜಿಲ್ಲೆಯಲ್ಲಿ ನೀರು ಹೊಕ್ಕ ಮನೆಗಳಲ್ಲಿ ಮೂರರಲ್ಲಿ ಎರಡರಷ್ಟು ನೂರು ವರ್ಷದ ಗೆರೆಯ ಆಚೆ ಇದ್ದವು. ಗೆರೆಯ ಆಚೆ ಇದ್ದೇವೆ ಎಂದು ವಿಮೆ ಮಾಡಿಸದವರು ನನ್ನ ಬೀದಿಯಲ್ಲೇ ಇದ್ದರು. ಅವರಲ್ಲಿ ಒಬ್ಬರಿಗೂ 1994ರ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಗೊತ್ತಿರಲಿಲ್ಲ. ನಮ್ಮಲ್ಲಿ ಹಾಗಲ್ಲ. ಗುಡಿಯ ಯಾವ ಮೆಟ್ಟಿಲಿಗೆ ಯಾವ ವರ್ಷ ನೀರು ಹತ್ತಿತ್ತೆಂದು ಹಿರಿಯರು ಬೆರಳು ಇಟ್ಟು ತೋರಿಸುತ್ತಾರೆ. ಆ ಬೆರಳು ಇಟ್ಟ ಜಾಗಕ್ಕೆ ಬಣ್ಣ ಹಚ್ಚಿ ಇಸವಿ ಬರೆದರೆ ಅಳತೆ ಕೇಂದ್ರದ ದಾಖಲೆಗೂ ಸಿಗದಷ್ಟು ಹಿಂದಿನ ನೆರೆಗಳು ಲೆಕ್ಕಕ್ಕೆ ಸಿಗುತ್ತವೆ. ನಮಗೆ ಇಲ್ಲದ್ದು, ನಾವು ತರಬೇಕಾದದ್ದು, ವರ್ಷಕ್ಕೆ ಇಷ್ಟು ಶೇಕಡಾ ಎಂದು ಹೇಳುವ ರೂಢಿ, ಮತ್ತು ಪ್ರತಿ ದೊಡ್ಡ ನೆರೆಯಾದ ಮೇಲೆ ಆ ಶೇಕಡಾವನ್ನು ತಿದ್ದುವ ಪ್ರಾಮಾಣಿಕತೆ.

ಈಗ ಕಾಕಾ ಮನೆಯ ಹಿಂಭಾಗ ಕೆಡವಿ ಕಟ್ಟುತ್ತಿದ್ದಾರೆ. ಹಾರ್ವೆ ಆದ ಮರುವರ್ಷ ಹ್ಯೂಸ್ಟನ್ ನಗರ ಒಂದು ನಿಯಮ ತಂದಿತು: ನೆರೆ ಪ್ರದೇಶದ ಹೊಸ ಮನೆಯ ನೆಲ 500 ವರ್ಷದ ನೆರೆಯ ಮಟ್ಟಕ್ಕಿಂತ ಎರಡು ಅಡಿ ಮೇಲಿರಬೇಕು. ಗೋಕಾಕದ ನಮ್ಮ ಓಣಿಗೆ ಅಂಥ ಮಟ್ಟ ಯಾರೂ ಗುರುತಿಸಿ ಕೊಟ್ಟಿಲ್ಲ, ಹಾಗಾಗಿ 2019ರ ಗೆರೆಯನ್ನೇ ಹಿಡಿಯಿರಿ, ಅದರ ಮೇಲೆ ಎರಡು ಅಡಿ ಎಂದೆ.

"ಅಷ್ಟು ಎತ್ತರ ಮಾಡಿದ್ರ ನಿಮ್ಮ ಕಾಕಿಗೆ ಮೆಟ್ಲ ಹತ್ತಾಕ ಆಗಂಗಿಲ್ಲೋ" ಅಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕೊನೆಗೆ ಹಿಂದಿನ ಎರಡು ಕೋಣೆಗಳನ್ನು ಮಾತ್ರ ಎತ್ತರಿಸಿ, ದವಸ, ಕಾಗದಪತ್ರ, ಹಾಸಿಗೆ ಅಲ್ಲಿಡುವುದು, ಮುಂದಿನ ಪಡಸಾಲೆ ಇದ್ದಂತೆ ಇರಲಿ ಎಂದು ಒಪ್ಪಿಕೊಂಡೆವು. ಗೌಂಡಿ ಬರುವ ಮೊದಲು ಕಾಕಾ 2019ರ ಗೆರೆಯಿದ್ದ ಕಡೆ ಒಂದು ಮೊಳೆ ಹೊಡೆದು ಫೋಟೋ ಕಳಿಸಿದ್ದಾರೆ.