ನೆಟ್ ಬಂದ್, ಆದೇಶ ವೆಬ್‌ಸೈಟ್‌ನ್ಯಾಗ ನೋಡ್ಕೋರಿ

ನಮ್ಮ ಕಲಬುರಗಿ ಲಾ ಹುಡುಗರು ಮೂಟ್ ಕೋರ್ಟ್ ಅನ್ನೋ ಅಣಕು ಕೋರ್ಟ್ ಸ್ಪರ್ಧಾಕ್ಕ ತಯಾರಿ ನಡಸ್ಯಾರ. ಪ್ರಾಬ್ಲಮ್ ಏನಂದ್ರ, ಒಂದು ಕಾಲ್ಪನಿಕ ರಾಜ್ಯದಾಗ ನೇಮಕಾತಿ ಪರೀಕ್ಷಾದಾಗ ಕಾಪಿ ಹೊಡೀಬಾರದಂತ ಇಡೀ ಜಿಲ್ಲಾಕ್ಕ ಮೂರು ದಿನ ಮೊಬೈಲ್ ನೆಟ್ ಬಂದ್, ಹಾಲ್ ಟಿಕೆಟ್ ಮಾತ್ರ ಆನ್‌ಲೈನ್, ಬಂದ್ ಮಾಡಿದ ಆದೇಶನೂ ಆನ್‌ಲೈನ್. ಕಾಲ್ಪನಿಕ ಅನ್ನೋದು ಬರೇ ಹೆಸರಿಗಿ. ರಾಜಸ್ಥಾನ 2021ರಾಗ, ಜಾರ್ಖಂಡ್ 2024ರಾಗ ಪರೀಕ್ಷಾ ಸಲುವಾಗಿ ನೆಟ್ ಬಂದ್ ಮಾಡಿದ್ದು ಖರೇನೇ.

ಪ್ರಾಕ್ಟೀಸಿಗಿ ಒಬ್ರು ಸೀನಿಯರ್ ವಕೀಲರು ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಜಡ್ಜ್ ಆಗಿ ಕುಂತಿದ್ರು. ಅರ್ಜಿದಾರರ ಕಡಿ ಹುಡುಗಿ "ಮೈ ಲಾರ್ಡ್" ಅಂದಿದ್ದೇ ತಡ, "ಸೀದಾ ಸುಪ್ರೀಂ ಕೋರ್ಟಿಗಿ ಹೋಗೋ ಆರ್ಟಿಕಲ್ 32ಕ್ಕ ಯಾಕ ಬಂದಿ ತಂಗಿ, ಹೈಕೋರ್ಟಿಗಿ ಹೋಗೋ 226 ಇಲ್ಲೇನು? ಆಟೋ ಹತ್ತಿದ್ರ ಹೈಕೋರ್ಟ್ ಬೆಂಚ್ ಇಲ್ಲೇ ಸಿಗ್ತದ, ನೀ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗಿ ಹೊಂಟಿ" ಅಂದ್ರು. ಆಕಿ ತಯಾರಾಗೇ ಬಂದಿದ್ಳು, 32 ತಾನೇ ಮೂಲಭೂತ ಹಕ್ಕು, ಮೊದ್ಲು ಹೈಕೋರ್ಟಿಗಿ ಹೋಗ್ಬೇಕಂತಿಲ್ಲ, 1950ರ ರೊಮೇಶ್ ಥಾಪರ್ ಕೇಸಿನ್ಯಾಗ ಸುಪ್ರೀಂ ಕೋರ್ಟೇ ಹೇಳ್ಯದ ಅಂದ್ಳು. "ಮತ್ತ 1987ರ ಪಿ.ಎನ್. ಕುಮಾರ್ ಕೇಸಿನ್ಯಾಗ ಅದೇ ಕೋರ್ಟ್ ಹೈಕೋರ್ಟಿಗಿ ಹೋಗ್ರಿ ಅಂತ ಯಾಕ ಕಳಿಸ್ತು?" ಫ್ಯಾನಿನ ಸಪ್ಪಳ ಬಿಟ್ರ ಏನೂ ಇಲ್ಲ. ನೋಡ್ರಿ, ಮೊದಲನೇ ಪ್ರಶ್ನಾಕ್ಕ ಎಲ್ರೂ ಉತ್ತರ ಬಾಯಿಪಾಠ ಮಾಡ್ತಾರ, ಮಾರ್ಕ್ಸ್ ಇರೋದು ಎರಡನೇದ್ರಾಗ. ಹಕ್ಕು ನಂದು, ಕೆಲಸದ ಹೊರೆ ನೋಡಿ ಹೈಕೋರ್ಟಿಗಿ ಕಳಿಸೋದು ಕೋರ್ಟಿನ ವಿವೇಚನೆ ಅಂತ ಒಪ್ಕೊಂಡು, ಇಂಥ ಬಂದ್ ಬ್ಯಾರೆ ಬ್ಯಾರೆ ರಾಜ್ಯದಾಗ ನಡದದ, ಒಂದೇ ತೀರ್ಪು ಬೇಕು ಅನ್ನಬೇಕಿತ್ತು. ಆದ್ರ ಪ್ರಾಬ್ಲಮ್‌ನ್ಯಾಗ ಒಂದೇ ಜಿಲ್ಲಾ ಇದ್ರ ಈ ಮಾತೂ ನಡಿಯಲ್ಲ.

ಆಮ್ಯಾಲ ಸರ್ಕಾರದ ಕಡಿ ಹುಡುಗನ ಪಾಳಿ. ಇಂವ ಕೋಟ್ ಬಿಗಿ ಮಾಡ್ಕೊಂಡು "ಪಬ್ಲಿಕ್ ಆರ್ಡರ್, ಮೈ ಲಾರ್ಡ್" ಅಂದ. ಜಡ್ಜ್ ಸಾಹೇಬ್ರು ಹಾಳಿ ಮ್ಯಾಲ ಮೂರು ಸುತ್ತು ಬರದ್ರು, ಒಂದ್ರೊಳಗ ಒಂದು. ಹೊರಗಿಂದು ಕಾನೂನು ಸುವ್ಯವಸ್ಥೆ, ನಡುವಿಂದು ಸಾರ್ವಜನಿಕ ಸುವ್ಯವಸ್ಥೆ, ಒಳಗಿಂದು ರಾಜ್ಯದ ಭದ್ರತೆ, ಸುಪ್ರೀಂ ಕೋರ್ಟ್ ಲೋಹಿಯಾ ಕೇಸಿನ್ಯಾಗ ಹಾಕಿದ ಲೆಕ್ಕ. "ಅಂಗಿ ತೋಳಿನ್ಯಾಗ ಚೀಟಿ ಮಡಚಿ ಇಟ್ಕೊಂಡಂವ ಯಾವ ಸುತ್ತಿನ್ಯಾಗ ಬರ್ತಾನ ತಮ್ಮಾ?" ಹುಡುಗ ಬೆವರು ಒರಸ್ಕೊಂಡು "ಹೊರಗಿಂದ್ರಾಗ ಸರ್" ಅಂದ, ಅಲ್ಲಿಗಿ ಮುಗೀತು, ಯಾಕಂದ್ರ ಮಾತಿನ ಹಕ್ಕಿಗಿ ಮಿತಿ ಹಾಕೋ ಕಾರಣಗೋಳ ಪಟ್ಟಿ ಇರೋ ಆರ್ಟಿಕಲ್ 19(2)ರಾಗ ಈ ಮೂರರೊಳಗ ಬರೋದು ಒಳಗಿನ ಎರಡೇ, ಹೊರಗಿನ ಸುತ್ತಿಗಿ ಅಲ್ಲಿ ಜಾಗ ಇಲ್ಲ. ಪರೀಕ್ಷಾದ ಪಾವಿತ್ರ್ಯ ಅನ್ನೋ ಮಾತಂತೂ ಆ ಪಟ್ಟಿನ್ಯಾಗ ಹುಡುಕಿದ್ರೂ ಸಿಗಲ್ಲ. ಮತ್ತ ಇಂವ ಪಟ್ಟಿನ್ಯಾಗಿನ ಇನ್ನೊಂದು ಕಾರಣ ಹಿಡದು "ಅಪರಾಧಕ್ಕ ಪ್ರಚೋದನೆ" ಅಂತ ಜಿಗದ. "ಉಳ್ಳಾಗಡ್ಡಿ ಮಾರೋ ಅಕ್ಕನ ಫೋನ್‌ಪೇ ಯಾರಿಗಿ ಪ್ರಚೋದನೆ ಮಾಡ್ತದಪ್ಪಾ?" ಅಂದ್ರು. ಹುಡುಗ ಕೆಳಗ ಕುಂತ.

ಲೋಹಿಯಾ ತೀರ್ಪು ಡೌನ್‌ಲೋಡ್ ಮಾಡ್ಕೊಂಡು ರಾತ್ರಿ ಓದ್ರಿ ಅಂತ ಹೇಳಿ ಸಾಹೇಬ್ರು ಎದ್ರು. ಆಗ ಲೈಬ್ರರಿಯಂವ ಬಂದು ಹೇಳ್ದ, ನಾಳಿಂದ ಇಂಟರ್ನಲ್ ಪರೀಕ್ಷಾ ಅದಂತ ಕಾಲೇಜ್ ವೈಫೈ ಬಂದ್ ಮಾಡ್ಯಾರ, ನೋಟಿಸ್ ವಾಟ್ಸಪ್ ಗ್ರೂಪಿನ್ಯಾಗ ಹಾಕ್ಯಾರ, ನೋಡ್ಕೋರಿ.